ಮತ್ತೆ ಓದುವುದೋ, ಪುಸ್ತಕ ಮುಚ್ಚಿ ಬರೆಯುವುದೋ? ಒಂಬತ್ತನೇ ತರಗತಿ ಮಕ್ಕಳ ನೆನಪಿನ ಬಗ್ಗೆ ಒಂದು ಪ್ರಯೋಗ: ಪೀಠಿಕೆ

ಪರೀಕ್ಷೆ ಹತ್ತಿರ ಬಂದಾಗ ನಮ್ಮ ಮಕ್ಕಳನ್ನು "ಹೇಗೆ ಓದಿಕೊಂಡೆ?" ಅಂತ ಕೇಳಿ ನೋಡಿ. "ಮೂರು ಸಲ ಓದಿದೆ ಮಿಸ್" ಅನ್ನುತ್ತಾರೆ. "ಪುಸ್ತಕ ಮುಚ್ಚಿಟ್ಟು ಬರೆದು ನೋಡಿದೆ" ಅನ್ನುವವರು ತೀರಾ ಕಡಿಮೆ. ಹನ್ನೊಂದು ವರ್ಷದಿಂದ ಸರ್ಕಾರಿ ಪ್ರೌಢಶಾಲೆಯಲ್ಲಿ ವಿಜ್ಞಾನ ಹೇಳಿಕೊಡುತ್ತಿದ್ದೇನೆ, ಮೂರು ಸಲ ಓದಿದ ಮಗು ಮುಂದಿನ ವಾರ ಬೋರ್ಡಿನ ಮುಂದೆ ನಿಂತು ಒಂದು ಮಾತೂ ಬಾರದೆ ಕಣ್ಣು ತುಂಬಿಕೊಂಡಾಗ ಆಗುವ ಸಂಕಟ ಇವತ್ತಿಗೂ ಕಡಿಮೆಯಾಗಿಲ್ಲ. ಆ ಮಗು ಸೋಮಾರಿಯಲ್ಲ. ಓದಿದೆ, ಕಷ್ಟಪಟ್ಟಿದೆ. ಅದು ಓದಿದ ರೀತಿಯಿಂದ ನೆನಪು ಉಳಿಯುತ್ತದಾ ಅನ್ನುವುದೇ ಈ ಅಧ್ಯಯನದ ಪ್ರಶ್ನೆ.

ಈ ಪ್ರಶ್ನೆಗೆ ಒಂದು ಗಟ್ಟಿ ಆಧಾರ ಇದೆ. 2006ರಲ್ಲಿ ಅಮೆರಿಕದ ಸೇಂಟ್ ಲೂಯಿಸ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದ ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕಿ ಕಾಲೇಜು ವಿದ್ಯಾರ್ಥಿಗಳಿಗೆ ಚಿಕ್ಕ ಗದ್ಯಭಾಗಗಳನ್ನು ಕೊಟ್ಟರು. ಒಂದನ್ನು ಓದಿ ಮತ್ತೆ ಓದಬೇಕು. ಇನ್ನೊಂದನ್ನು ಓದಿ, ನೋಡದೆ ನೆನಪಾದಷ್ಟನ್ನು ಬರೆಯಬೇಕು. ಐದು ನಿಮಿಷ ಬಿಟ್ಟು ಪರೀಕ್ಷಿಸಿದಾಗ ಮತ್ತೆ ಓದಿದ್ದರಲ್ಲಿ 81% ಅಂಶಗಳು ನೆನಪಿದ್ದವು, ಬರೆದಿದ್ದರಲ್ಲಿ 75%. ಒಂದು ವಾರ ಬಿಟ್ಟು ಪರೀಕ್ಷಿಸಿದಾಗ ಲೆಕ್ಕ ತಿರುಗಿತ್ತು: ಮತ್ತೆ ಓದಿದ್ದರಲ್ಲಿ 42%, ಬರೆದಿದ್ದರಲ್ಲಿ 56%. ಅಂದರೆ ಯಾವ ವಿಧಾನ ಒಳ್ಳೆಯದು ಅನ್ನುವುದು ಯಾವಾಗ ಅಳೆಯುತ್ತೀರಿ ಅನ್ನುವುದರ ಮೇಲೆ ನಿಂತಿದೆ. ಹಾಗಾಗಿ ಇಲ್ಲಿ "ಬರೆದರೆ ಚೆನ್ನಾಗಿ ನೆನಪಿರುತ್ತದೆ" ಅಂತ ಸುಮ್ನೆ ಒಂದು ಸಾಲು ಬರೆದರೆ ಅದಕ್ಕೆ ಅರ್ಥವೇ ಇರುವುದಿಲ್ಲ. ಎಷ್ಟು ಹೊತ್ತಿನ ನಂತರ, ಯಾವುದಕ್ಕಿಂತ, ಯಾವ ಅಳತೆಯಲ್ಲಿ ಅಂತ ಹೇಳಲೇಬೇಕು.

ನಮ್ಮ ಮಕ್ಕಳಿಗೆ 14 ವರ್ಷ. ಓದುವುದು ಕನ್ನಡದಲ್ಲಿ. ಕೆಲವರಿಗೆ ಒತ್ತಕ್ಷರ ಬಂದಲ್ಲಿ ಈಗಲೂ ಓದು ನಿಲ್ಲುತ್ತದೆ, ಬರೆಯುವುದಂತೂ ಇನ್ನೂ ನಿಧಾನ. ಅಲ್ಲಿ ಬಂದ ಫಲಿತಾಂಶ ಇಲ್ಲಿಗೆ ಹಾಗೇ ಹೊಂದುತ್ತದೆ ಅಂದುಕೊಳ್ಳಲು ಆಗುವುದಿಲ್ಲ, ಅಲ್ವಾ? ಅದಕ್ಕೇ ಈ ಪ್ರಯೋಗ.

ತುಮಕೂರು ಜಿಲ್ಲೆಯ ಮೂರು ಸರ್ಕಾರಿ ಪ್ರೌಢಶಾಲೆಗಳ ಒಂಬತ್ತನೇ ತರಗತಿಯ, ಕನ್ನಡ ಮಾಧ್ಯಮದ 160 ಮಕ್ಕಳು ಇದರಲ್ಲಿ ಇರುತ್ತಾರೆ. ಜೇನುನೊಣದ ಬದುಕಿನ ಬಗ್ಗೆ, ಪಠ್ಯಪುಸ್ತಕದಲ್ಲಿ ಇಲ್ಲದ ಒಂದು ಗದ್ಯಭಾಗವನ್ನು ಎಲ್ಲರೂ 7 ನಿಮಿಷ ಓದುತ್ತಾರೆ. ಆಮೇಲಿನ 7 ನಿಮಿಷದಲ್ಲಿ ಅರ್ಧ ಮಕ್ಕಳು ಅದನ್ನೇ ಮತ್ತೆ ಓದುತ್ತಾರೆ, ಇನ್ನರ್ಧ ಮಕ್ಕಳು ಹಾಳೆ ಮಗುಚಿಟ್ಟು ನೆನಪಿನಿಂದ ಬರೆಯುತ್ತಾರೆ. ಇದೇ ಸ್ವತಂತ್ರ ಚರ, ಕಲಿಕೆಯ ವಿಧಾನ: ನೆನಪಿನಿಂದ ಬರೆಯುವುದು (ಬ) ಅಥವಾ ಮತ್ತೆ ಓದುವುದು (ಓ). ಯಾರು ಯಾವ ಗುಂಪು ಅನ್ನುವುದನ್ನು ಚೀಟಿ ಎತ್ತಿ ನಿರ್ಧರಿಸಲಾಗುತ್ತದೆ.

ಅವಲಂಬಿತ ಚರ ಕೊನೆಯ ಪರೀಕ್ಷೆಯ ಅಂಕ. ಗದ್ಯಭಾಗವನ್ನು 30 ಅಂಶಗಳಾಗಿ ಒಡೆದಿದ್ದೇನೆ. ಮಗು ನೆನಪಿಸಿಕೊಂಡು ಬರೆದ ಪ್ರತಿ ಅಂಶಕ್ಕೆ ಒಂದು ಅಂಕ, ಅಂದರೆ 0ರಿಂದ 30. ಕಾಗುಣಿತ ತಪ್ಪಿಗೆ ಅಂಕ ಕಳೆಯುವುದಿಲ್ಲ, ಏಕೆಂದರೆ ಅಳೆಯಬೇಕಾಗಿರುವುದು ನೆನಪನ್ನು. ತಿದ್ದುವ ಇಬ್ಬರು ಶಿಕ್ಷಕರಿಗೆ ಹಾಳೆ ಯಾವ ಗುಂಪಿನದು ಅಂತ ಗೊತ್ತಿರುವುದಿಲ್ಲ. ಇನ್ನೊಂದು ಮುಖ್ಯ ವಿಷಯ: ಒಂದೇ ಮಗುವಿಗೆ ಐದು ನಿಮಿಷದ ಪರೀಕ್ಷೆಯನ್ನೂ ಏಳು ದಿನದ ಪರೀಕ್ಷೆಯನ್ನೂ ಕೊಟ್ಟರೆ ಮೊದಲನೆಯ ಪರೀಕ್ಷೆಯೇ ಅಭ್ಯಾಸವಾಗಿಬಿಡುತ್ತದೆ. ಹಾಗಾಗಿ ಪ್ರತಿ ಮಗು ಒಂದೇ ಸಲ ಪರೀಕ್ಷೆ ಬರೆಯುತ್ತದೆ: ಎರಡೂ ವಿಧಾನಗಳಲ್ಲಿ ಅರ್ಧ ಮಕ್ಕಳು ಐದು ನಿಮಿಷದ ನಂತರ, ಇನ್ನರ್ಧ ಮಕ್ಕಳು ಏಳು ದಿನದ ನಂತರ. ಒಟ್ಟು ನಾಲ್ಕು ಗುಂಪು, ಒಂದೊಂದರಲ್ಲಿ 40 ಮಕ್ಕಳು. ಕೆಳಗೆ μ ಅಂದರೆ ಇಂಥ ಮಕ್ಕಳ ನಿಜವಾದ ಸರಾಸರಿ ಅಂಕ.

ಮೊದಲನೆಯದು, ಈ ಅಧ್ಯಯನದ ಮುಖ್ಯ ಪ್ರಾಕ್ಕಲ್ಪನೆ, ಏಳು ದಿನದ ನಂತರದ್ದು.

ಶೂನ್ಯ ಪ್ರಾಕ್ಕಲ್ಪನೆ: ಏಳು ದಿನದ ನಂತರ, ನೆನಪಿನಿಂದ ಬರೆದ ಮಕ್ಕಳ ಸರಾಸರಿ ಅಂಕ ಮತ್ತೆ ಓದಿದ ಮಕ್ಕಳ ಸರಾಸರಿ ಅಂಕಕ್ಕೆ ಸಮ ಅಥವಾ ಅದಕ್ಕಿಂತ ಕಡಿಮೆ.
H₀₁: μ(ಬ, 7 ದಿನ) ≤ μ(ಓ, 7 ದಿನ)

ಪರ್ಯಾಯ ಪ್ರಾಕ್ಕಲ್ಪನೆ: ಏಳು ದಿನದ ನಂತರ, ನೆನಪಿನಿಂದ ಬರೆದ ಮಕ್ಕಳ ಸರಾಸರಿ ಅಂಕ ಮತ್ತೆ ಓದಿದ ಮಕ್ಕಳ ಸರಾಸರಿ ಅಂಕಕ್ಕಿಂತ ಜಾಸ್ತಿ.
H₁₁: μ(ಬ, 7 ದಿನ) > μ(ಓ, 7 ದಿನ)

ಇದು ಒಂದೇ ದಿಕ್ಕಿನದು, ಬೇಕೆಂದೇ ಹಾಗಿಟ್ಟಿದ್ದೇನೆ. ಒಂದು ವಾರದ ಅಂತರದಲ್ಲಿ ಹಿಂದಿನ ಪ್ರಯೋಗ ತೋರಿಸಿದ ದಿಕ್ಕು ಸ್ಪಷ್ಟವಾಗಿದೆ. ತರಗತಿಯ ಕಡೆಯಿಂದ ನೋಡಿದರೂ ಅಷ್ಟೇ. ಬರೆಯುವುದು ಓದಿನಷ್ಟೇ ಫಲ ಕೊಟ್ಟರೂ, ಓದಿಗಿಂತ ಕಡಿಮೆ ಕೊಟ್ಟರೂ ನಾನು ಮಾಡುವುದು ಒಂದೇ: ಮಕ್ಕಳಿಗೆ ಹೊಸ ವಿಧಾನ ಹೇಳಲು ಹೋಗುವುದಿಲ್ಲ. ಅದಕ್ಕೇ "ಸಮ" ಮತ್ತು "ಕಡಿಮೆ" ಎರಡೂ ಶೂನ್ಯ ಪ್ರಾಕ್ಕಲ್ಪನೆಯ ಒಳಗೇ ಇವೆ. ಸಾರ್ಥಕತೆಯ ಮಟ್ಟ 0.05. ಅಕಸ್ಮಾತ್ ಮತ್ತೆ ಓದಿದವರೇ ತುಂಬಾ ಮುಂದೆ ಬಂದರೆ, ಆಮೇಲೆ ಇದನ್ನು ಎರಡು ದಿಕ್ಕಿನ ಪರೀಕ್ಷೆಯಾಗಿ ಬದಲಿಸಿ "ಸಾರ್ಥಕ" ಅಂತ ಬರೆಯುವುದಿಲ್ಲ. ಶೂನ್ಯ ಪ್ರಾಕ್ಕಲ್ಪನೆ ತಿರಸ್ಕೃತವಾಗಲಿಲ್ಲ ಅಂತಲೇ ಬರೆದು, ಸರಾಸರಿಗಳ ವ್ಯತ್ಯಾಸವನ್ನು ಇದ್ದ ಹಾಗೇ ಕೊಡುತ್ತೇನೆ. ತಿರಸ್ಕೃತವಾಗದೇ ಹೋದರೆ ಎರಡೂ ವಿಧಾನ ಸಮ ಅಂತ ಸಾಬೀತಾದ ಹಾಗೂ ಅಲ್ಲ. ಗುಂಪಿಗೆ 40 ಮಕ್ಕಳಿದ್ದಾಗ, ನಿಜವಾದ ವ್ಯತ್ಯಾಸ ಸುಮಾರು 0.56 ಮಾನಕ ವಿಚಲನೆಯಷ್ಟಿದ್ದರೆ ಅದು ನಮ್ಮ ಕಣ್ಣಿಗೆ ಬೀಳುವ ಸಾಧ್ಯತೆ 80%. ಅದಕ್ಕಿಂತ ಚಿಕ್ಕದಿದ್ದರೆ ತಪ್ಪಿಸಿಕೊಳ್ಳುವ ಸಾಧ್ಯತೆ ಹೆಚ್ಚು.

ಎರಡನೆಯದು ಐದು ನಿಮಿಷದ ನಂತರದ್ದು, ಮತ್ತು ಇಲ್ಲಿ ದಿಕ್ಕು ಹೇಳುವುದಿಲ್ಲ.

ಶೂನ್ಯ: ಐದು ನಿಮಿಷದ ನಂತರ ಎರಡೂ ಗುಂಪುಗಳ ಸರಾಸರಿ ಅಂಕ ಒಂದೇ.
H₀₂: μ(ಬ, 5 ನಿಮಿಷ) = μ(ಓ, 5 ನಿಮಿಷ)

ಪರ್ಯಾಯ: ಐದು ನಿಮಿಷದ ನಂತರ ಎರಡೂ ಗುಂಪುಗಳ ಸರಾಸರಿ ಅಂಕ ಬೇರೆ ಬೇರೆ.
H₁₂: μ(ಬ, 5 ನಿಮಿಷ) ≠ μ(ಓ, 5 ನಿಮಿಷ)

ಅಮೆರಿಕದಲ್ಲಿ ಐದು ನಿಮಿಷಕ್ಕೆ ಓದೇ ಮುಂದಿತ್ತು ನಿಜ, ಆದರೆ ಅಂತರ ಸಣ್ಣದು. ನಮ್ಮಲ್ಲಿ ನಿಧಾನವಾಗಿ ಬರೆಯುವ ಮಕ್ಕಳಿಗೆ 7 ನಿಮಿಷ ಸಾಲದೆ ಆ ಅಂತರ ದೊಡ್ಡದಾಗಬಹುದು. ಇಲ್ಲವೇ ಮತ್ತೆ ಓದುವಾಗ ಗಮನ ಬೇರೆಡೆ ಹೋಗಿ ಬರೆದವರೇ ಮುಂದೆ ಬರಬಹುದು. ಎರಡರಲ್ಲಿ ಯಾವುದು ಬಂದರೂ ನಮಗೆ ಬೇಕಾದ ಉತ್ತರವೇ.

ಮೂರನೆಯದು ಸಹೋದ್ಯೋಗಿಗಳ ಮಾತಿನಿಂದ ಹುಟ್ಟಿದ್ದು. "ಇದೆಲ್ಲ ಜಾಣ ಮಕ್ಕಳಿಗೆ ಸರಿ, ಹಿಂದುಳಿದವರಿಗೆ ಆಗಲ್ಲ ಮೇಡಂ" ಅಂತ ಒಬ್ಬರು. "ಜಾಣರು ಹೇಗೂ ನೆನಪಿಟ್ಟುಕೊಳ್ಳುತ್ತಾರೆ, ಉಪಯೋಗ ಆಗುವುದಿದ್ದರೆ ಹಿಂದುಳಿದವರಿಗೇ" ಅಂತ ಇನ್ನೊಬ್ಬರು. ಇದನ್ನು ಏಳು ದಿನದ ಪರೀಕ್ಷೆ ಬರೆದ 80 ಮಕ್ಕಳಲ್ಲಿ, ಎಂಟನೇ ತರಗತಿಯ ವಿಜ್ಞಾನದ ವಾರ್ಷಿಕ ಅಂಕವನ್ನು ಮೂರನೇ ಚರವಾಗಿಟ್ಟು ನೋಡುತ್ತೇನೆ.

ಅಂಕ = β₀ + β₁(ವಿಧಾನ) + β₂(ಎಂಟನೇ ತರಗತಿ ಅಂಕ) + β₃(ವಿಧಾನ × ಎಂಟನೇ ತರಗತಿ ಅಂಕ)

ವಿಧಾನಕ್ಕೆ ಬರೆದವರಿಗೆ 1, ಮತ್ತೆ ಓದಿದವರಿಗೆ 0. ಶೂನ್ಯ ಪ್ರಾಕ್ಕಲ್ಪನೆ H₀₃: β₃ = 0, ಅಂದರೆ ಎರಡು ವಿಧಾನಗಳ ನಡುವಿನ ವ್ಯತ್ಯಾಸ ಮಗುವಿನ ಹಿಂದಿನ ಅಂಕದ ಜೊತೆ ಬದಲಾಗುವುದಿಲ್ಲ. ಪರ್ಯಾಯ H₁₃: β₃ ≠ 0, ಬದಲಾಗುತ್ತದೆ. ಸಹೋದ್ಯೋಗಿಗಳ ಎರಡು ಮಾತೂ ಎದುರುಬದುರು ದಿಕ್ಕಿನವು, ನನ್ನ ಹತ್ತಿರ ಒಂದನ್ನು ಆರಿಸಲು ಆಧಾರವಿಲ್ಲ, ಆದ್ದರಿಂದ ಇದೂ ಎರಡು ದಿಕ್ಕಿನದೇ. ಇಂಥ ಪ್ರಶ್ನೆಗೆ 80 ಮಕ್ಕಳು ಕಡಿಮೆ. ಇದರ ಫಲಿತಾಂಶವನ್ನು ಮುಂದಿನ ಅಧ್ಯಯನಕ್ಕೆ ಸುಳಿವು ಅಂತ ಮಾತ್ರ ಓದಬೇಕು, ಮತ್ತು ಎರಡನೆಯದರಲ್ಲಿ ಮೂರನೆಯದರಲ್ಲಿ ಏನೇ ಬಂದರೂ ಮೊದಲನೆಯದರ ತೀರ್ಮಾನ ಬದಲಾಗುವುದಿಲ್ಲ.

ಈ ಮೂರು ಜೋಡಿಗಳನ್ನೂ ಮಕ್ಕಳ ಒಂದೇ ಒಂದು ಉತ್ತರದ ಹಾಳೆ ನೋಡುವ ಮೊದಲೇ ಬರೆದು, ದಿನಾಂಕ ಹಾಕಿ, ಮಾರ್ಗದರ್ಶಕರ ಸಹಿ ಮಾಡಿಸಿ ಇಟ್ಟಿದ್ದೇನೆ.