ಮೂಲಿ ಅಂಗಡಿಯ ಪಂಚಮಿ ವಿಡಿಯೊ

(ಓಣಿಯ ವಾಟ್ಸ್‌ಆ್ಯಪ್ ಗುಂಪಿಗೆ. ಸುಮಾರು ಐದು ನಿಮಿಷ. ಮೊಬೈಲ್‌ನಲ್ಲೇ ಶೂಟ್. ಹಿಂದೆ ಹಾಡು, ಮ್ಯೂಸಿಕ್ ಏನೂ ಬೇಡ. ರಸ್ತೆ ಸದ್ದು, ತಕ್ಕಡಿ ಸದ್ದು ಇದ್ದ ಹಾಗೇ ಇರಲಿ.)

ಬೆಳಿಗ್ಗೆ ಆರೂವರೆ. ಶೆಟರ್ ಅರ್ಧ ಎತ್ತಿದೆ. ಅಂಗಡಿಯವರು ಮೆಟ್ಟಿಲಿಗೆ ನೀರು ಹಾಕುತ್ತಿದ್ದಾರೆ. ಮೊಬೈಲ್ ಹಿಡಿದವಳು ಮಗಳು.

ಅಂಗಡಿಯವರು: ಶುರು ಆಯ್ತಾ? ಕೆಂಪು ದೀಪ ಬಂತಾ? ಹಾಂ. ನಮಸ್ಕಾರ ರೀ. ಕೊಪ್ಪಳದ ನಿಮ್ಮ ಮೂಲಿ ಅಂಗಡಿಯಿಂದ ಮಾತಾಡುತ್ತಿದ್ದೇನೆ. ಬೋರ್ಡಿನ ಮೇಲೆ ಬೇರೆ ಹೆಸರಿದೆ, ಆದರೆ ಆ ಹೆಸರು ಹೇಳಿದರೆ ನಮ್ಮ ಓಣಿಯಲ್ಲೇ ಯಾರಿಗೂ ಗೊತ್ತಾಗಲ್ಲ.

ಪಂಚಮಿಗೆ ಶುಭಾಶಯ ಹಾಕೋಣ ಅಂತ ಮಗಳು ಒಂದು ಫೋಟೊ ಮಾಡಿದ್ದಳು. ಹೆಡೆ ಬಿಚ್ಚಿದ ನಾಗಪ್ಪ, ಸುತ್ತ ಹೂವು, ಕೆಳಗೆ ನನ್ನ ಪಾಸ್‌ಪೋರ್ಟ್ ಸೈಜಿನ ಮುಖ. ನೋಡಿದರೆ ನಾಗಪ್ಪನಿಗಿಂತ ನಾನೇ ಜಾಸ್ತಿ ಸಿಟ್ಟಿನಲ್ಲಿದ್ದೆ. ಅದಕ್ಕೇ ಬೇಡ ಅಂದೆ. ಬನ್ನಿ, ಒಳಗೆ ಒಂದು ವಸ್ತು ತೋರಿಸುತ್ತೇನೆ.

ಒಳಗೆ. ಗಲ್ಲಾದ ಪಕ್ಕ ಮೊಳೆಗೆ ತೂಗುಹಾಕಿದ ತಂತಿ. ತಂತಿಗೆ ಚುಚ್ಚಿದ ಹಳೇ ಚೀಟಿಗಳು. ಕ್ಯಾಮೆರಾ ಹತ್ತಿರ ಹೋಗಲಿ.

ಅಂಗಡಿಯವರು: ಇದು ನಮ್ಮಪ್ಪನ ತಂತಿ. ಹಬ್ಬದ ಸಾಮಾನಿಗೆ ಅಂತ ನೀವು ಬರೆದು ಕಳಿಸುತ್ತಿದ್ದ ಚೀಟಿಗಳನ್ನು ಅಪ್ಪ ಎಸೆಯುತ್ತಿರಲಿಲ್ಲ. ಉದ್ರಿ ಲೆಕ್ಕಕ್ಕೆ ಅಂತ ಇಟ್ಟಿದ್ದು. ಉದ್ರಿ ತೀರಿದ ಮೇಲೂ ಇಟ್ಟುಕೊಂಡಿದ್ದಾರೆ. ನೋಡಿ, ಈ ಚೀಟಿ ಬರೆದಿರುವುದು ನಮ್ಮ ಹಳೇ ಬಿಲ್ಲಿನ ಹಿಂದೆ. ‘ಜಿಲ್ಲೆ ರಾಯಚೂರು’ ಅಂತ ಅಚ್ಚಾಗಿದೆ. ಕೊಪ್ಪಳ ಇನ್ನೂ ಬೇರೆ ಜಿಲ್ಲೆ ಆಗಿರಲಿಲ್ಲ.

(ಓದುತ್ತಾರೆ) “ಶೇಂಗಾ ಎರಡು ಸೇರು, ಬೆಲ್ಲ ಒಂದು ಪೆಂಟಿ, ಪುಠಾಣಿ, ಎಳ್ಳು. ಕೊಬ್ಬರಿ ಬಟ್ಟಲು ಐದು. ಮಕ್ಕಳು ಐದು.”

ಕೊನೆಗೆ ‘ಮಕ್ಕಳು ಐದು’ ಅಂತ ಯಾಕೆ ಬರೆದರು ಹೇಳಿ? ಪಂಚಮಿಯಲ್ಲಿ ಹುಡುಗರು ಕೊಬ್ಬರಿ ಬಟ್ಟಲಿಗೆ ದಾರ ಕಟ್ಟಿ ಗಿರಗಿರ ತಿರುಗಿಸುತ್ತಾರಲ್ವಾ? ತಲೆಗೊಂದು ಬೇಕು. ಒಂದು ಕಡಿಮೆ ಬಂದರೆ ಮನೆಯಲ್ಲಿ ಯುದ್ಧ. ಎಣಿಸಿ ಕಟ್ಟಿಕೊಡಪ್ಪ ಅಂತ ಆ ತಾಯಿ ಹುಷಾರಾಗಿ ಬರೆದಿದ್ದಾರೆ.

ಇದೊಂದು ಪೆನ್ಸಿಲ್ ಅಕ್ಷರ. “ಪುಠಾಣಿ ಅರ್ಧ ಕೆಜಿ, ಯಾಲಕ್ಕಿ, ಚಾಕ್ಲೇಟ್ 2.” ಪುಠಾಣಿ, ಯಾಲಕ್ಕಿ ಒಂದು ಕೈಬರಹ. ಚಾಕ್ಲೇಟ್ ಬೇರೆ ಕೈಬರಹ! ಚೀಟಿ ತಂದ ಹುಡುಗ ದಾರಿಯಲ್ಲಿ ಸೇರಿಸಿದ್ದು. ಅಪ್ಪ ಎರಡೂ ಚಾಕ್ಲೇಟ್ ಕೊಟ್ಟು, ಲೆಕ್ಕಕ್ಕೆ ಹಿಡಿಯದೆ, ಚೀಟಿಯ ಮೇಲೆ ಒಂದು ಗೀಟು ಎಳೆದು ಬಿಟ್ಟಿದ್ದಾರೆ. ಆ ಹುಡುಗ ಈಗ ಮೇಷ್ಟ್ರು. ವಿಡಿಯೊ ನೋಡುತ್ತಿದ್ದರೆ ಅವರಿಗೇ ಗೊತ್ತಾಗುತ್ತದೆ. ಸರ್, ಎರಡು ಚಾಕ್ಲೇಟ್ ಬಾಕಿ ಇದೆ!

ಈಗ ಚೀಟಿ ಮೊಬೈಲಿಗೇ ಬರುತ್ತದೆ. ಆದರೂ ಓದಿದ ಕೂಡಲೇ ತಿಳಿಯುತ್ತದೆ ರೀ. ಅರ್ಧ ಕೆಜಿ ಶೇಂಗಾ ಒಯ್ಯುತ್ತಿದ್ದ ಮನೆಯಿಂದ ಮೂರು ಕೆಜಿ ಬಂದರೆ ಮಗಳು ತವರಿಗೆ ಬರುತ್ತಿದ್ದಾಳೆ ಅಂತ ಅರ್ಥ. ಕೆಳಗೆ ಅಂಟು, ಉತ್ತತ್ತಿ ಸೇರಿತೋ, ಬಾಣಂತಿಯನ್ನೇ ಕರೆತಂದಿದ್ದಾರೆ.

ಅಂಗಡಿಯವರು ಸ್ವಲ್ಪ ಹೊತ್ತು ಸುಮ್ಮನಿರಲಿ. ಇದನ್ನು ಕತ್ತರಿಸಬೇಡ.

ಅಂಗಡಿಯವರು: ಹೋದ ವರ್ಷ ಹಿಂದಿನ ಓಣಿಯ ಒಬ್ಬ ಅಜ್ಜಿಯಿಂದ ಚೀಟಿ ಬರಲೇ ಇಲ್ಲ. ಹೆಸರು ಹೇಳಿದರೆ ಬೈಯುತ್ತಾರೆ, ಬೇಡ. ರೊಟ್ಟಿ ಹಬ್ಬದ ದಿನ ನಮ್ಮ ಮನೆಯವಳು ಸಜ್ಜೆ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಮಡಕಿ ಕಾಳು, ಗುರೆಳ್ಳು ಹಿಂಡಿ ಕಟ್ಟಿಕೊಂಡು ಹೋದಳು. ಅಜ್ಜಿ ಒಬ್ಬರೇ ಕೂತಿದ್ದರು. “ಒಬ್ಬಾಕಿಗೆ ಎಲ್ಲಿ ಉಂಡಿ ಕಟ್ಟಲೆವ್ವ” ಅಂದರಂತೆ. ಆದರೆ ನಮ್ಮವಳ ಬುಟ್ಟಿ ಖಾಲಿ ಕಳಿಸಲಿಲ್ಲ. ತಮ್ಮ ಮನೆಯದೇ ನಾಲ್ಕು ಕಟಿ ರೊಟ್ಟಿ ಹಾಕಿ ಕಳಿಸಿದ್ದರು.

ಈ ವರ್ಷ ಮೊನ್ನೆ ಸೋಮವಾರ ಅಜ್ಜಿಯ ಚೀಟಿ ಬಂತು. ಶೇಂಗಾ 2 ಕೆಜಿ, ಬೆಲ್ಲ 2 ಕೆಜಿ, ಕೊಬ್ಬರಿ ಬಟ್ಟಲು 3. ಬೆಂಗಳೂರಿನಿಂದ ಮಕ್ಕಳು, ಮೊಮ್ಮಕ್ಕಳು ಬರುತ್ತಿದ್ದಾರೆ. ಅವತ್ತು ನಾನು ಸಾಮಾನು ಕಟ್ಟುವಾಗ ತೂಕ ಸ್ವಲ್ಪ ಜಾಸ್ತಿಯೇ ಬಿದ್ದಿರಬಹುದು.

ಅಂಗಡಿಯ ಹಿಂದೆ ಅಡುಗೆಮನೆ. ಅವ್ವ ಒಲೆ ಮುಂದೆ. ಬಾಣಲೆಯಲ್ಲಿ ಬೆಲ್ಲದ ಪಾಕ ಕುದಿಯುತ್ತಿದೆ.

ಅಂಗಡಿಯವರು: ಒಂದು ತಪ್ಪು ಒಪ್ಪಿಕೊಳ್ಳಬೇಕು. ಹೋದ ವರ್ಷ ನಾನು ಕೊಟ್ಟ ಬೆಲ್ಲ ಉಪ್ಪುಪ್ಪಾಗಿತ್ತು. ಕೆಲವರ ಮನೆಯಲ್ಲಿ ಪಾಕವೇ ಕೂಡಲಿಲ್ಲ, ಉಂಡೆ ಕಟ್ಟಿದರೆ ಪುಡಿಪುಡಿ. ಬಣ್ಣ ನೋಡಿ ತಂದೆ, ರುಚಿ ನೋಡಲಿಲ್ಲ. ನೀವು ಪಾಪ ಜಗಳ ಮಾಡಲಿಲ್ಲ. ಅವ್ವ ಮಾಡಿದಳು. ಅದಕ್ಕೇ ಈ ಸಲ ಬೆಲ್ಲ ಬಂದ ಕೂಡಲೇ ಮೊದಲು ಅವ್ವನ ಒಲೆಗೆ. ಇಲ್ಲಿ ಪಾಸಾದರೆ ಮಾತ್ರ ಅಂಗಡಿಗೆ.

ಅವ್ವ: (ಬಟ್ಟಲಲ್ಲಿನ ನೀರಿಗೆ ಪಾಕದ ಒಂದು ಹನಿ ಬಿಟ್ಟು) ನೋಡ್ರಿ, ನೀರಾಗ ಬಿಟ್ರ ಕರಗಬಾರದು. ಬೆರಳಿಗೆ ಮೆತ್ತಗ ಉಂಡಿ ಆಗಬೇಕು. ಆದ ಕೂಡ್ಲೇ ಒಲಿ ಆರಿಸ್ರಿ. ಫೋನ್ ಬಂತಂತ ಹೋದ್ರ ಮುಗೀತು, ಉಂಡಿ ಅಲ್ಲ, ಕಲ್ಲು.

ಮಗಳು: (ಕ್ಯಾಮೆರಾ ಹಿಂದಿನಿಂದ) ಅಜ್ಜಿ, ಹಬ್ಬಕ್ಕೆ ಏನಾದ್ರೂ ಹೇಳು.

ಅವ್ವ: ಏನ್ ಹೇಳೋದವ್ವ? ಎಲ್ಲಾರೂ ಬರ್ರಿ. ಜೋಕಾಲಿ ಕಟ್ಟೇವಿ. ದೊಡ್ಡವರೂ ಆಡ್ರಿ, ನಾಚಿಕೊಬ್ಯಾಡ್ರಿ.

ಅಂಗಡಿ ಎದುರಿನ ಬೇವಿನ ಮರ. ಜೋಕಾಲಿಯ ಹಗ್ಗ. ಅಂಗಡಿಯವರು ಹಗ್ಗಕ್ಕೆ ಜೋತು ಬಿದ್ದು ಗಟ್ಟಿ ಇದೆಯಾ ಅಂತ ನೋಡುತ್ತಾರೆ.

ಅಂಗಡಿಯವರು: ಈ ಸಲ ಹೊಸ ಹಗ್ಗ. ನನ್ನನ್ನು ತಡೆದಿದೆ, ಇನ್ನು ಯಾರನ್ನಾದರೂ ತಡೆಯುತ್ತದೆ.

ಆಫರ್ ಏನು ಅಂತ ಕೇಳಬೇಡಿ, ಆಫರ್ ಇಲ್ಲ. ಗವಿಮಠದ ಜಾತ್ರೆಗೆ ಹಳ್ಳಿಹಳ್ಳಿಯಿಂದ ರೊಟ್ಟಿ ಹರಿದು ಬರುವ ಊರು ನಮ್ಮದು. ಇಲ್ಲಿ ‘ಒಂದು ಕೊಂಡರೆ ಒಂದು ಫ್ರೀ’ ಅಂತ ಬೋರ್ಡ್ ಹಾಕಲು ನನಗೇ ಒಂಥರಾ. ರೊಟ್ಟಿ ಹಬ್ಬದ ದಿನ ಅಂಗಡಿ ಮುಂದೆ ಒಂದು ಬುಟ್ಟಿ ಇಟ್ಟಿರುತ್ತೇವೆ. ಮನೆಯಲ್ಲಿ ಜಾಸ್ತಿಯಾದ ರೊಟ್ಟಿ ಹಾಕಿ. ಯಾರಿಗೆ ಬೇಕೋ ತಗೊಳ್ಳಿ. ಹಮಾಲರು, ಆಟೊದವರು, ಹಾಸ್ಟೆಲ್ ಹುಡುಗರು, ಈ ಸಲ ಊರಿಗೆ ಹೋಗಲಾಗದವರು, ಎಲ್ಲರೂ. ಹಿಂಡಿ, ಮೊಸರು ನಮ್ಮದು.

ನಾಗಪ್ಪನಿಗೆ ಹಾಲೆರೆಯುವಾಗ ದೇವರ ಪಾಲು, ಗುರುವಿನ ಪಾಲು, ಅಪ್ಪನ ಪಾಲು, ಅವ್ವನ ಪಾಲು ಅಂತ ಹೇಳುತ್ತೇವಲ್ವಾ? ನಮ್ಮಪ್ಪ ಕೊನೆಗೆ ‘ಗಿರಾಕಿಗಳ ಪಾಲು’ ಅಂತ ಒಂದು ಚಮಚ ಎರೆಯುತ್ತಿದ್ದರು. ಚಿಕ್ಕವನಿದ್ದಾಗ ನಗುತ್ತಿದ್ದೆ. ಈಗ ನಾನೂ ಎರೆಯುತ್ತೇನೆ. ‘ಓಣಿಯವರ ಪಾಲು’ ಅಂತ ಹೇಳುತ್ತೇನೆ, ಅಷ್ಟೇ ವ್ಯತ್ಯಾಸ.

ಅಕ್ಕಂದಿರೇ, ಅಣ್ಣಂದಿರೇ, ಎಲ್ಲರಿಗೂ ಪಂಚಮಿ ಹಬ್ಬದ ಶುಭಾಶಯ ರೀ.

ಅಂಗಡಿಯವರು ಹೊರಡುತ್ತಾರೆ. ಮತ್ತೆ ತಿರುಗಿ ಬರುತ್ತಾರೆ.

ಅಂಗಡಿಯವರು: ಹಾಂ, ಮರೆತೆ. ಪಂಚಮಿ ದಿನ ಮಧ್ಯಾಹ್ನ ಹನ್ನೆರಡಕ್ಕೆ ಶೆಟರ್ ಇಳಿಸುತ್ತೇವೆ. ಆದರೆ ಪಾಕ ಒಲೆ ಮೇಲಿದ್ದು ಬೆಲ್ಲ ಕಡಿಮೆ ಬಿದ್ದರೆ ಹಿಂದಿನ ಬಾಗಿಲು ತಟ್ಟಿ. ಜೋರಾಗಿ ತಟ್ಟಿ, ಅವ್ವನಿಗೆ ಕಿವಿ ಸ್ವಲ್ಪ ಮಂದ.

ಅವ್ವ: (ಒಳಗಿನಿಂದ) ನನಗೆಲ್ಲಾ ಕೇಳಸ್ತೈತಿ!

ಮಗಳ ನಗು. ಕ್ಯಾಮೆರಾ ಅಲುಗಾಡುತ್ತದೆ. ಅಲ್ಲಿಗೇ ನಿಲ್ಲಿಸು.