ಬಿಸ್ಕತ್ತಿನ ಡಬ್ಬಿಯ ದುಡ್ಡು

ಸೋಮವಾರಪೇಟೆಯಲ್ಲಿ ಮೂರು ದಿನದಿಂದ ಮಳೆ. ಚಿನ್ನು ಜಗಲಿಯಲ್ಲಿ ಬಿಸ್ಕತ್ತಿನ ಡಬ್ಬಿ ಬೋರಲು ಹಾಕಿದಳು. ಹಡಗಿನಲ್ಲಿ ಕೆಲಸ ಮಾಡುವ ಮಾವ ರಜೆಗೆ ಬಂದಾಗೆಲ್ಲ ತಂದುಕೊಟ್ಟ ನಾಣ್ಯಗಳು ಝಣಝಣ ಉರುಳಿದವು.

"ಮಾವ, ಇದಕ್ಕೆ ಅದರ ಊರಲ್ಲಿ ಏನು ಸಿಗುತ್ತೆ?"

ನಡುವೆ ತೂತಿದ್ದ ಹಳದಿ ನಾಣ್ಯ. ಚಿನ್ನು ಅದರೊಳಗಿಂದ ಮಾವನ ಮೂಗು ನೋಡಿದಳು.

"ಜಪಾನಿನ 5 ಯೆನ್. ಹೆಚ್ಚೇನೂ ಬರಲ್ಲ. ಆದ್ರೆ ಗುಡಿಯ ಹುಂಡಿಗೆ ಜನ ಇದನ್ನೇ ಹಾಕ್ತಾರೆ. 'ಗೋಎನ್' ಅಂದ್ರೆ 5 ಯೆನ್, ನಂಟು ಅಂತಲೂ ಅರ್ಥ."

"ಇದು?"

"1 ಯೂರೋ. ಜರ್ಮನಿಯಲ್ಲಿ ಇದನ್ನ ಅಂಗಡಿಯ ತಳ್ಳುಗಾಡಿಗೆ ಸಿಕ್ಕಿಸಿದ್ರೆ ಗಾಡಿ ಬಿಡುತ್ತೆ. ಗಾಡಿ ವಾಪಸ್ ಇಟ್ರೆ ನಾಣ್ಯ ವಾಪಸ್."

"ಮತ್ತೆ ಏನೂ ಕೊಂಡ ಹಾಗಾಗ್ಲಿಲ್ಲ, ಅಲ್ವಾ?"

ಮಾವನಿಗೆ ಉತ್ತರ ಹೊಳೆಯಲಿಲ್ಲ.

ಮೂರನೆಯದರ ಮೇಲೆ ಉದ್ದ ಮೂತಿಯ ಹೂಜಿ. "ದುಬೈಯ 1 ದಿರ್ಹಂ. ಅದು ಕಾಫಿ ಹೂಜಿ. ನಾನು ಅದನ್ನ ಕೊಟ್ಟು ಕುಡಿದದ್ದು ಮಾತ್ರ ಚಹಾ!"

ಚಿನ್ನು ಅಡುಗೆಮನೆಗೆ ಓಡಿ ದಿರ್ಹಂ ಅನ್ನು ಕಟ್ಟೆಯ ಮೇಲೆ ಟಣ್ ಎಂದು ಇಟ್ಟಳು. "ಅಜ್ಜಿ, ಒಂದು ಬೆಲ್ಲದ ಕಾಫಿ."

ಅಜ್ಜಿ ಹೂಜಿಯನ್ನು ತಿರುಗಿಸಿ ನೋಡಿ, ನಾಣ್ಯವನ್ನು ಸೊಂಟಕ್ಕೆ ಸಿಕ್ಕಿಸಿಕೊಂಡರು. ಅರ್ಧ ಲೋಟ ಕೊಟ್ಟು, "ಚಿಲ್ಲರೆ ಕೇಳಬೇಡ" ಅಂದರು.