ಅತ್ತೆ, ಮಾವನಿಗೆ

ಬೆಂಗಳೂರು
ಜೂನ್ 4

ಪ್ರೀತಿಯ ಅತ್ತೆ, ಮಾವ,

ನಮಸ್ಕಾರಗಳು.

ನಾವು ಸುಖವಾಗಿ ಬಂದು ತಲುಪಿದ್ದನ್ನು ಫೋನಿನಲ್ಲೇ ಹೇಳಿದ್ದೆ. ಉಳಿದದ್ದನ್ನೂ ಅಲ್ಲೇ ಹೇಳಬೇಕು ಅಂದುಕೊಂಡರೆ ನೀವಿಬ್ಬರೂ ಬಿಡುವುದಿಲ್ಲ. ನಾನು ಶುರು ಮಾಡಿದ ಕೂಡಲೇ ಮಾವ "ಅದೆಲ್ಲ ಎಂತಕ್ಕೆ" ಅಂತ ಫೋನನ್ನು ಅತ್ತೆಗೆ ದಾಟಿಸುತ್ತಾರೆ. ಅತ್ತೆ ಉಪ್ಪಿನಕಾಯಿ ಭರಣಿ ಸೋರಿತಾ ಅಂತ ಕೇಳಿ ಮಾತು ತಿರುಗಿಸುತ್ತಾರೆ. ಅದಕ್ಕೇ ಈ ಕಾಗದ. ಇದನ್ನು ನಡುವೆ ತಡೆಯೋಕೆ ಆಗೋದಿಲ್ಲ.

ಭರಣಿ ಸೋರಿಲ್ಲ. ಮಾವ ಹಳೇ ಪಂಚೆ ಹರಿದು ಬಾಯಿಗೆ ಬಿಗಿದ ಗಂಟು ಎಷ್ಟು ಗಟ್ಟಿ ಇತ್ತು ಅಂದರೆ, ಇಲ್ಲಿ ಬಿಚ್ಚೋಕಾಗದೆ ಕೊನೆಗೆ ಕತ್ತರಿ ತೆಗೆದುಕೊಂಡೆ. ಅಪ್ಪೆಮಿಡಿಯ ಪರಿಮಳ ಅಕ್ಕಪಕ್ಕದ ಫ್ಲ್ಯಾಟಿಗೆಲ್ಲ ಹೋಗಿದೆ. ಎದುರು ಮನೆಯವರಿಗೆ ಎರಡು ಮಿಡಿ ಕೊಟ್ಟೆ. ಜಾಸ್ತಿ ಕೊಡುವ ಮನಸ್ಸು ಬರಲಿಲ್ಲ. ಜೋನಿ ಬೆಲ್ಲದ ಬಾಟಲಿ ಮಾತ್ರ ಪುಟ್ಟಿ ಕೈಗೆ ಸಿಗದ ಹಾಗೆ ಮೇಲಿಟ್ಟಿದ್ದೇನೆ. ದೋಸೆ ಹೊಯ್ದರೆ ಸಾಕು, ಅದು ಎಲ್ಲಿದೆ ಅಂತ ಹುಡುಕೋಕೆ ಶುರು ಮಾಡುತ್ತಾಳೆ.

ಈ ಸಲ ಬಂದಾಗ ನನಗೆ ಸ್ವಲ್ಪ ಅಳುಕು ಇತ್ತು. ಇವರು ಪುಣೆಯಲ್ಲಿ, ನಾನು ಮತ್ತು ಪುಟ್ಟಿ ಮಾತ್ರ ನಿಮ್ಮ ಜೊತೆ, ಅದೂ ಬೇಸಿಗೆ ರಜೆ ಪೂರ್ತಿ. ಇಷ್ಟು ವರ್ಷ ಏನಿದ್ದರೂ ಇವರ ಮೂಲಕವೇ ನಡೆಯುತ್ತಿತ್ತು ಅಲ್ವಾ? ಅತ್ತೆಗೆ ಏನಾದರೂ ಹೇಳುವುದಿದ್ದರೆ ಮಗನಿಗೆ ಹೇಳುತ್ತಿದ್ದರು, ಅದು ಅರ್ಧ ನನಗೆ ಬರುತ್ತಿತ್ತು. ನಾನು ಹೇಳಿದ್ದೂ ಹಾಗೇ, ಅರ್ಧ ನಿಮಗೆ ಬರುತ್ತಿತ್ತು. ಉಳಿದರ್ಧ ಇವರ ಹೊಟ್ಟೆಯಲ್ಲೇ. ಈ ಸಲ ಆ ಅನುಕೂಲ ಇರಲಿಲ್ಲ.

ಮೊದಲ ದಿನಗಳಲ್ಲಿ ಎಲ್ಲರಿಗೂ ಒಂಚೂರು ಇರುಸುಮುರುಸು ಆಯ್ತು. ಆಗಿಲ್ಲ ಅಂದರೆ ನೀವೇ ನಗುತ್ತೀರಿ. ಊಟದ ಹೊತ್ತಿಗೇ ನನ್ನ ಆಫೀಸಿನ ಮೀಟಿಂಗು, ಮುಚ್ಚಿದ ಬಾಗಿಲು. ಜಗಲಿಯಲ್ಲಿ ಬಂದವರು ಸೊಸೆ ಎಲ್ಲಿ ಅಂತ ಕೇಳಿದರೆ ನಿಮಗೂ ಏನು ಹೇಳೋದು ಅಂತ ಕಷ್ಟ. ಪುಟ್ಟಿ ತಂಬ್ಳಿ ಬೇಡ ಅಂತ ಹಟ ಮಾಡಿದ್ದು, ರಾತ್ರಿ ನಾನು ಅವಳಿಗೆ ನೂಡಲ್ಸ್ ಮಾಡಿದ್ದು, ಅತ್ತೆ ಆ ದಿನ ಏನೂ ಹೇಳದೆ ಪಾತ್ರೆ ಎತ್ತಿಟ್ಟಿದ್ದು, ಎಲ್ಲ ನೆನಪಿದೆ. ನಾನು ಒಲೆ ಹತ್ತಿರ ಬಂದರೆ ನೀವು "ಬ್ಯಾಡ, ನೀ ಕೂರು" ಅನ್ನುತ್ತಿದ್ದಿರಿ. ನಾನು ಕೂರುತ್ತಿದ್ದೆ. ಆಮೇಲೆ ಇಬ್ಬರಿಗೂ ಬೇಜಾರು.

ನನಗೆ ನಿಜವಾಗಿ ಹಗುರ ಅನ್ನಿಸಿದ್ದು ಹಪ್ಪಳ ಮಾಡಿದ ದಿನ. ಬೆಳಿಗ್ಗೆ ಕೈಗೆಲ್ಲ ಕೊಬ್ಬರಿ ಎಣ್ಣೆ ಹಚ್ಚಿಕೊಂಡು ಹಲಸಿನ ತೊಳೆ ಬಿಡಿಸೋಕೆ ಕೂತೆವು. ಆದರೂ ಮೇಣ ನನ್ನ ಉಂಗುರದ ಸಂದಿಯಲ್ಲಿ ಸೇರಿಕೊಂಡಿತು. ಬೇಯಿಸಿ ಒನಕೆಯಲ್ಲಿ ಕುಟ್ಟಿದ ಹಿಟ್ಟನ್ನು ಅತ್ತೆ ಉಂಡೆ ಮಾಡಿ ಮಾಡಿ ಇಡುತ್ತಿದ್ದರು. ಎಲ್ಲ ಒಂದೇ ಅಳತೆ. ನಾನು ಮಣೆ ಹಾಕಿ ಒತ್ತಿದ ಹಪ್ಪಳಗಳು ಮಾತ್ರ ಒಂದು ಕಡೆ ದಪ್ಪ, ಒಂದು ಕಡೆ ಹರಿದದ್ದು. ಅತ್ತೆ ಅವನ್ನು ಪಕ್ಕಕ್ಕಿಡಲಿಲ್ಲ, ಎಲ್ಲದರ ಜೊತೆಗೇ ಚಾಪೆ ಮೇಲೆ ಹಾಕಿದರು. ಮಾವ ಮತ್ತು ಪುಟ್ಟಿ ಕೊಡೆ ಹಿಡಿದುಕೊಂಡು ಕಾಗೆ ಕಾಯೋಕೆ ಕೂತರು. ಮಧ್ಯಾಹ್ನ ನಾನು ಒಳಗೆ ಮೀಟಿಂಗಿನಲ್ಲಿದ್ದಾಗ ಗುಡುಗಿತು. ಒಂದೇ ನಿಮಿಷದಲ್ಲಿ ದಪ್ಪ ಹನಿ. ಆಗ ಅತ್ತೆ ಅಂಗಳದಿಂದಲೇ ಕೂಗಿದ್ದು: "ಆ ಮೀಟಿಂಗು ಸಾಯಲಿ, ಚಾಪೆ ಹಿಡಿ ಬಾ!"

ಕಿವಿಯಲ್ಲಿ ಹೆಡ್‌ಫೋನ್ ಹಾಗೇ ಇತ್ತು, ಓಡಿ ಬಂದೆ. ಅತ್ತೆ ಕೂಗಿದ್ದು ನನ್ನ ಆಫೀಸಿನವರಿಗೆಲ್ಲ ಕೇಳಿಸಿದೆ. ಚಾಪೆಯ ಒಂದು ತುದಿ ನಿಮ್ಮ ಕೈಯಲ್ಲಿ, ಇನ್ನೊಂದು ನನ್ನ ಕೈಯಲ್ಲಿ, ಮಾವ ಕೊಡೆಯನ್ನು ತಮಗೆ ಬಿಟ್ಟು ಹಪ್ಪಳಕ್ಕೆ ಹಿಡಿದಿದ್ದರು. ಒಳಗೆ ಬಂದ ಮೇಲೆ ಎಷ್ಟು ನಕ್ಕೆವು!

ಅತ್ತೆ, ನೀವು ಆಮೇಲೆ ಬೈದೆ ಅಂತ ಮನಸ್ಸಿಗೆ ಹಚ್ಚಿಕೊಂಡಿರಿ. ರಾತ್ರಿ ನನ್ನ ತಟ್ಟೆಗೆ ಕೇಳದೇ ತುಪ್ಪ ಜಾಸ್ತಿ ಬಿತ್ತು, ನಾನು ಗಮನಿಸಿದೆ. ಆದರೆ ನನಗೆ ಅದು ಬೈಗುಳ ಅನ್ನಿಸಲೇ ಇಲ್ಲ. ನೆಂಟರನ್ನು ಯಾರೂ ಹಾಗೆ ಕೂಗುವುದಿಲ್ಲ. ಮೈಸೂರಲ್ಲಿ ಅಮ್ಮ ಒಣಗಿದ ಬಟ್ಟೆ ತೆಗಿ ಅಂತ ಕೂಗುವುದೂ ಹಾಗೇ. ಮಾರನೇ ದಿನದಿಂದ ನೀವು "ಕೂರು" ಅನ್ನೋದು ಬಿಟ್ಟು "ಕಾಯಿ ತುರಿ" ಅಂದಿರಿ. ಅದಕ್ಕೇ ಎಲ್ಲಕ್ಕಿಂತ ದೊಡ್ಡ ಥ್ಯಾಂಕ್ಸ್.

ನೀವು ಬಾಯಲ್ಲಿ ಹೇಳದೆ ಮಾಡಿದ್ದನ್ನೂ ನಾನು ನೋಡಿದ್ದೇನೆ. ಮಾವ ಶಿರಸಿ ಪೇಟೆಯಿಂದ ಬಂದಾಗ ಚೀಲದಲ್ಲಿ ಚಿಕೋರಿ ಇಲ್ಲದ ಕಾಫಿ ಪುಡಿ ಇರುತ್ತಿತ್ತು. ನಾನು ಕೇಳಿರಲಿಲ್ಲ. ಸಿಗ್ನಲ್ ಸಿಗೋ ಕಿಟಕಿ ಹತ್ತಿರ ಮೇಜು ಬಂದು ಕೂತಿತ್ತು. ಊಟ ನನ್ನ ಮೀಟಿಂಗ್ ಮುಗಿಯೋವರೆಗೆ ತಡ ಆಗತೊಡಗಿತು, ಕೇಳಿದರೆ ಮಾವನಿಗೆ ಹಸಿವಿಲ್ಲ ಅನ್ನುವ ಉತ್ತರ. ಮಾವನಿಗೆ ಹಸಿವಿಲ್ಲವಂತೆ! ನಂಬಿದೆ ಅಂತ ತೋರಿಸಿಕೊಂಡೆ, ಅಷ್ಟೇ. ಇನ್ನು ಆ ಮೈಸೂರು ಸಾರಿನ ಪುಡಿ. ಖಾರ ಅಂತ ಇಬ್ಬರೂ ಕಣ್ಣಲ್ಲಿ ನೀರು ಹಾಕಿಕೊಂಡರೂ, ಹೊರಡುವ ದಿನ ಅದರ ಡಬ್ಬಿ ಉಪ್ಪಿನ ಪಕ್ಕದಲ್ಲೇ ಇತ್ತು.

ಪುಟ್ಟಿ ಬಗ್ಗೆ ಹೇಳಲೇಬೇಕು. ರಾಶಿ, ಬೆಟ್ಟೆ, ಚಾಲಿ, ಕೆಂಪುಗೋಟು, ಬಿಳಿಗೋಟು ಅಂತ ಅಡಿಕೆ ಹೆಸರುಗಳನ್ನು ಮಗ್ಗಿ ತರ ಹೇಳುತ್ತಾಳೆ. ಲಿಫ್ಟಿನಲ್ಲಿ ಕೂಡ. ಸಹಸ್ರಲಿಂಗಕ್ಕೆ ಹೋದದ್ದು ಅವಳಿಗೆ ತುಂಬ ಹಿಡಿಸಿದೆ. ಶಾಲ್ಮಲೆಯಲ್ಲಿ ನೀರು ಕಡಿಮೆ ಇದ್ದದ್ದು ಒಳ್ಳೆಯದೇ ಆಯ್ತು, ಬಂಡೆ ಮೇಲಿನ ಲಿಂಗಗಳನ್ನೆಲ್ಲ ಎಣಿಸುತ್ತೇನೆ ಅಂತ ಹೊರಟವಳು ಐವತ್ತಕ್ಕೆ ಸುಸ್ತಾಗಿ ಮಾವನ ಹೆಗಲೇರಿದ್ದಳು. ಶಾಲೆಯಲ್ಲಿ ಈಗ ಮಳೆ ಬಂದರೆ ಆ ನಂದಿಗಳೆಲ್ಲ ಮುಳುಗುತ್ತಾವಾ ಅಂತ ಟೀಚರನ್ನು ಕೇಳಿದ್ದಾಳಂತೆ. ಹೌದು, ತಂಬ್ಳಿನೂ ಕುಡಿಯುತ್ತಾಳೆ. ಒಂದೆಲಗದ್ದು ಮಾತ್ರ, ಅದೂ ಅಜ್ಜಿ ಮಾಡಿದ ಹಾಗೇ ಆಗಬೇಕು. ಇಲ್ಲಿ ಮಾರ್ಕೆಟ್ಟಿನ ಒಂದೆಲಗಕ್ಕೆ ಆ ರುಚಿ ಬರುತ್ತಿಲ್ಲ.

ತೋಟಕ್ಕೆ ಮದ್ದು ಹೊಡೆಯೋಕೆ ಶುರು ಆಗಿರಬೇಕು. ಮಾವ, ಕೊನೆಗೌಡ ಸಿಗಲಿಲ್ಲ ಅಂತ ಬೋರ್ಡೋ ಪಂಪು ನೀವೇ ಹಿಡಿದು ನಿಲ್ಲಬೇಡಿ, ದಯವಿಟ್ಟು. ಇವರು ಪುಣೆಯಿಂದ ಬಂದ ಕೂಡಲೇ ಒಂದು ವಾರ ಊರಿಗೆ ಬರುತ್ತಾರೆ, ಎರಡನೇ ಸಲದ ಮದ್ದಿಗೆ ಜೊತೆಗಿರುತ್ತಾರೆ. ಅತ್ತೆಯ ಬಿಪಿ ಮಾತ್ರೆಯ ಹೊಸ ಚೀಟಿ ಗೋಡೆಯ ಕ್ಯಾಲೆಂಡರ್ ಹಿಂದೆ ಸಿಕ್ಕಿಸಿದ್ದೇನೆ.

ಚೌತಿಗೆ ಮುಂಚೆ ನೀವಿಬ್ಬರೂ ಇಲ್ಲಿಗೆ ಬರಬೇಕು. ಕವಳ ಉಗುಳೋಕೆ ಅಂಗಳ ಇಲ್ಲ ಅಂತ ಮಾವ ಪ್ರತಿ ಸಲ ಹೇಳುವ ನೆಪ ಈ ಸಲ ನಡೆಯೋದಿಲ್ಲ, ಮುಚ್ಚಳ ಇರುವ ಸ್ಟೀಲಿನ ಡಬ್ಬಿ ತಂದಿಟ್ಟಿದ್ದೇನೆ. ಅತ್ತೆ, ಅಡುಗೆಮನೆಯಲ್ಲಿ ಡಬ್ಬಿಗಳನ್ನು ನಿಮಗೆ ಬೇಕಾದ ಹಾಗೆ ಸರಿಸಿಕೊಳ್ಳಿ. ನಾನು "ನೀವು ಕೂತ್ಕೊಳಿ" ಅನ್ನೋದಿಲ್ಲ, ಬಂದ ದಿನವೇ ಕಾಯಿ ತುರಿಯೋಕೆ ಕೊಡುತ್ತೇನೆ. ಬಸ್ ಟಿಕೆಟ್ ನಾನೇ ಮಾಡಿಸುತ್ತೇನೆ. ತಾರೀಖು ಮಾತ್ರ ತಿಳಿಸಿ. ಕೆಳಗಿನ ಬರ್ತೇ ಸಿಗುವ ಹಾಗೆ ನೋಡುತ್ತೇನೆ.

ನಿಮ್ಮ ಸೊಸೆ,
ಸುಮಾ

ಪುಟ್ಟಿ ಬರೆದ ಚಿತ್ರ ಇದರ ಜೊತೆಗಿದೆ. ಕೊಡೆ ಹಿಡಿದವರು ಮಾವ. ಪಕ್ಕದಲ್ಲಿ ಇರುವುದು ಕಾಗೆಯಂತೆ, ನಾನು ಕರು ಅಂದುಕೊಂಡಿದ್ದೆ.